ಗಲ್ಲಾಪೆಟ್ಟಿಗೆಯಲ್ಲಿ ಕಾಣದ ಲಾಭ
ಹೊಲಿಗೆ ಅಂಗಡಿಯ ಒಂದು ವರ್ಷದ ಲೆಕ್ಕ

2025ರ ಮಾರ್ಚ್ 31, ಸೋಮವಾರ. ಹಿಂದಿನ ದಿನವಷ್ಟೇ ಯುಗಾದಿ ಮುಗಿದಿದೆ, ಅಂದು ರಂಜಾನ್. ದಾವಣಗೆರೆಯ ಒಂದು ಬಡಾವಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಪುಟ್ಟ ಅಂಗಡಿ. ಎರಡು ಹಬ್ಬದ ಗಡಿಬಿಡಿ ಇಳಿದ ಮೇಲೆ ಮಾಲಕಿ ದುಡ್ಡು ಎಣಿಸಲು ಕೂರುತ್ತಾಳೆ. ಗಲ್ಲಾಪೆಟ್ಟಿಗೆ, ಬ್ಯಾಂಕ್ ಖಾತೆ ಎರಡೂ ಸೇರಿ 16,000 ರೂಪಾಯಿ. ಹಿಂದಿನ ವರ್ಷ ಇದೇ ಹೊತ್ತಿಗೆ 10,000 ಇತ್ತು. ಎಂದರೆ ವರ್ಷವಿಡೀ ಕತ್ತರಿ ಹಿಡಿದದ್ದಕ್ಕೆ ಉಳಿದದ್ದು ಆರು ಸಾವಿರವೇ?

ಈ ಅಂಗಡಿ ವಿವರಣೆಗೆಂದು ಹೆಣೆದದ್ದು, ಅಂಕಿಗಳೂ ಹಾಗೆಯೇ. ಆದರೆ ಮಾಲಕಿಯ ಪ್ರಶ್ನೆ ಊರೂರಿನ ಹೊಲಿಗೆ ಅಂಗಡಿಗಳದ್ದು. ಲೆಕ್ಕ ಬಿಡಿಸಿದರೆ ಆಕೆಯ ಆ ವರ್ಷದ ಲಾಭ 6,000 ಅಲ್ಲ, 2,01,800 ರೂಪಾಯಿ. ಉಳಿದ ಹಣ ಎಲ್ಲಿದೆ ಎಂದು ಹೇಳಲು ಎರಡು ಹಾಳೆ ಸಾಕು. ಒಂದು ಲಾಭ-ನಷ್ಟದ ಪಟ್ಟಿ, ಇನ್ನೊಂದು ಶಾಲೆಯ ಪುಸ್ತಕಗಳು ಅಢಾವೆ ಪತ್ರಿಕೆ ಎಂದೂ ಬ್ಯಾಂಕಿನವರು ಬ್ಯಾಲೆನ್ಸ್ ಶೀಟ್ ಎಂದೂ ಕರೆಯುವ ಪಟ್ಟಿ. ಮೊದಲನೆಯದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಹನ್ನೆರಡು ತಿಂಗಳ ದುಡಿಮೆಯ ಕತೆ ಹೇಳುತ್ತದೆ. ಎರಡನೆಯದು ಮಾರ್ಚ್ 31ರ ಸಂಜೆ ಅಂಗಡಿಯ ಬಳಿ ಏನೇನಿದೆ, ಯಾರಿಗೆಷ್ಟು ಕೊಡಬೇಕು ಎಂಬುದನ್ನು ಮಾತ್ರ ಹೇಳುತ್ತದೆ.

ಇದಕ್ಕೆ ಬೇಕಾದ ಕಾಗದಗಳು ಬಹುತೇಕ ಅಂಗಡಿಗಳಲ್ಲಿ ಆಗಲೇ ಇರುತ್ತವೆ. ಅಳತೆಯ ಜೊತೆಗೆ ಒಟ್ಟು, ಮುಂಗಡ, ಬಾಕಿ ಬರೆದಿಡುವ ಬಿಲ್ ಪುಸ್ತಕ. ಯಾರು ಎಷ್ಟು ಪೀಸ್ ಹೊಲಿದರು ಎಂದು ಗೀಟು ಹಾಕುವ ಕೂಲಿ ನೋಟ್‌ಬುಕ್ಕು. ಲೈನಿಂಗ್, ದಾರ ಕೊಡುವ ಅಂಗಡಿಯವರ ಉದ್ರಿ ಚೀಟಿಗಳು. ಬ್ಯಾಂಕಿನ ಪಾಸ್‌ಬುಕ್ಕು, ಫೋನಿನಲ್ಲಿ ಬಂದ ಹಣದ ವರ್ಷದ ವಿವರ. ತೊಡಕು ಇರುವುದು ಕೊನೆಯದರಲ್ಲಿ. ಗಿರಾಕಿ ಕಳಿಸಿದ ದುಡ್ಡೂ ತವರಿನಿಂದ ತಮ್ಮ ಕಳಿಸಿದ ದುಡ್ಡೂ ಒಂದೇ ಖಾತೆಗೆ ಬಂದು ಬಿದ್ದಿರುತ್ತವೆ. ತಮ್ಮನ ದುಡ್ಡು ಹೊಲಿಗೆಯ ಆದಾಯವಲ್ಲ. ವರ್ಷದ ಕೊನೆಯಲ್ಲಿ ಇವನ್ನು ಒಂದೊಂದಾಗಿ ಹೆಕ್ಕಿ ಬೇರ್ಪಡಿಸುವ ಬದಲು, ಅಂಗಡಿಗೆ ಬೇರೆ ಖಾತೆ ತೆರೆದು ಅದರ ಕ್ಯೂಆರ್ ಚೀಟಿಯನ್ನೇ ಗೋಡೆಗೆ ಅಂಟಿಸುವುದು ಲೇಸು.

ವರ್ಷ ಶುರುವಾದಾಗ ಏನಿತ್ತು

ಲೆಕ್ಕ ಹಿಡಿಯಬೇಕಾದದ್ದು ಹಿಂದಿನ ವರ್ಷದ ಕೊನೆಯಿಂದ. 2024ರ ಏಪ್ರಿಲ್ 1ರಂದು ಈ ಅಂಗಡಿಯಲ್ಲಿ 80,000 ಬೆಲೆಯ ಹೊಲಿಗೆ, ಓವರ್‌ಲಾಕ್ ಮತ್ತು ಪಿಕೊ ಯಂತ್ರಗಳಿದ್ದವು. ಕಟಿಂಗ್ ಮೇಜು, ಕಪಾಟು, ಕನ್ನಡಿ ಸೇರಿ 30,000. ಮಳಿಗೆಯ ಮಾಲೀಕರಿಗೆ ಕೊಟ್ಟ ಡಿಪಾಸಿಟ್ 1,00,000. ಲೈನಿಂಗ್, ಫಾಲ್ಸ್, ದಾರ, ಹುಕ್ಕು ಇತ್ಯಾದಿ 14,000. ಗಿರಾಕಿಗಳಿಂದ ಬರಬೇಕಾದ ಬಾಕಿ 6,000, ಕೈಯಲ್ಲೂ ಬ್ಯಾಂಕಿನಲ್ಲೂ 10,000. ಎಲ್ಲ ಕೂಡಿಸಿದರೆ 2,40,000.

ಕೊಡಬೇಕಾದದ್ದು: ಬ್ಯಾಂಕಿನ ಮುದ್ರಾ ಸಾಲ 60,000, ಲೈನಿಂಗ್ ಅಂಗಡಿಗೆ 9,000, ಗಿರಾಕಿಗಳಿಂದ ಪಡೆದು ಇನ್ನೂ ಬಟ್ಟೆ ಹೊಲಿದುಕೊಡದ ಮುಂಗಡ 5,000. ಒಟ್ಟು 74,000. ಇರುವುದರಲ್ಲಿ ಕೊಡುವುದನ್ನು ಕಳೆದರೆ ಉಳಿಯುವ 1,66,000 ಮಾಲಕಿಯ ಬಂಡವಾಳ. ಹಿಂದೆಂದೂ ಲೆಕ್ಕ ಬರೆಯದವರು ಬಂಡವಾಳ ಎಷ್ಟು ಹಾಕಿದ್ದೆ ಎಂದು ನೆನಪು ಕೆದಕಬೇಕಾಗಿಲ್ಲ. ಒಂದು ದಿನ ಕುಳಿತು ಇಂಥ ಪಟ್ಟಿ ಮಾಡಿದರೆ ಆ ದಿನದ ಬಂಡವಾಳ ಕಳೆಯುವ ಲೆಕ್ಕದಲ್ಲೇ ಸಿಗುತ್ತದೆ.

ಬಂದ ಹಣ ಬೇರೆ, ದುಡಿದ ಹಣ ಬೇರೆ

ಆ ವರ್ಷ ಗಿರಾಕಿಗಳಿಂದ ಒಟ್ಟು 7,02,000 ರೂಪಾಯಿ ಬಂತು. ಅದನ್ನೇ ಆದಾಯ ಎಂದು ಬರೆದರೆ ಮೊದಲ ಸಾಲಿನಲ್ಲೇ ಲೆಕ್ಕ ಹಾದಿ ತಪ್ಪುತ್ತದೆ. ಹೊಲಿಗೆಯವರ ವ್ಯವಹಾರದಲ್ಲಿ ಹಣ ಕೆಲಸದ ಜೊತೆಯಲ್ಲಿ ಬರುವುದಿಲ್ಲ. ಒಮ್ಮೆ ಮುಂಚೆ ಬರುತ್ತದೆ, ಒಮ್ಮೆ ತಡವಾಗಿ.

ಮುಂಚೆ ಬರುವುದು ಮುಂಗಡ. ಮಾರ್ಚ್ ಕೊನೆಯೆಂದರೆ ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ ಬ್ಲೌಸುಗಳು ಬಂದು ಬೀಳುವ ಕಾಲ. ಮದುಮಗಳಿಗೆ, ಅವಳ ತಾಯಿಗೆ, ಅತ್ತಿಗೆಗೆ ಎಂದು ಹತ್ತಾರು ಪೀಸುಗಳ ಗಂಟು ಕೊಟ್ಟು ಒಂದಿಷ್ಟು ಮುಂಗಡ ಇಟ್ಟು ಹೋಗುತ್ತಾರೆ. ಮಾರ್ಚ್ 31ರಂದು ಹೀಗೆ 18,000 ಮುಂಗಡ ಪೆಟ್ಟಿಗೆ ಸೇರಿತ್ತು, ಹೊಲಿಗೆ ಮಾತ್ರ ಬಾಕಿ. ನಾಳೆ ಮದುವೆ ಮುರಿದು ಗಂಟನ್ನು ವಾಪಸು ಕೇಳಿದರೆ ಹಣವನ್ನೂ ಹಿಂತಿರುಗಿಸಬೇಕಾದೀತು. ಹಾಗಾಗಿ ಹೊಲಿದು ಕೊಡುವವರೆಗೆ ಅದು ಗಿರಾಕಿಯ ಋಣ.

ತಡವಾಗಿ ಬರುವುದು ಬಾಕಿ. "ಅಕ್ಕಾ, ಉಳಿದಿದ್ದು ಸಂಬಳ ಆದ್ಮೇಲೆ ಕೊಡ್ತೀನಿ" ಎಂದು ಬಟ್ಟೆ ಒಯ್ದವರಿಂದ ಬರಬೇಕಾದದ್ದು ವರ್ಷದ ಕೊನೆಗೆ 11,000. ಕೆಲಸ ಮುಗಿದಿದೆ, ಬಟ್ಟೆ ಕೈದಾಟಿದೆ. ಆದ್ದರಿಂದ ಹಣ ಬರದಿದ್ದರೂ ಅದು ಈ ವರ್ಷದ ಆದಾಯವೇ. ಕೊಡುವುದೇ ಇಲ್ಲ ಎಂದು ಖಾತ್ರಿಯಾದ ಬಾಕಿಯನ್ನು ಮಾತ್ರ ನಷ್ಟವೆಂದು ಬರೆದು ತೆಗೆದುಹಾಕಬೇಕು. ಊರು ಬಿಟ್ಟವರ ಬಾಕಿಯನ್ನು ಆಸ್ತಿಯೆಂದು ವರ್ಷಗಟ್ಟಲೆ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ.

ಈಗ ಬಂದ 7,02,000ದಿಂದ ಹಳೇ ವರ್ಷದ ಬಾಕಿ ವಸೂಲಾದ 6,000ವನ್ನು ಕಳೆಯಬೇಕು, ಅದು ಹಿಂದಿನ ವರ್ಷದ ದುಡಿಮೆ. ಈ ವರ್ಷದ ಬಾಕಿ 11,000 ಸೇರಿಸಬೇಕು. ಹೋದ ವರ್ಷ ಮುಂಗಡ ಪಡೆದು ಈ ವರ್ಷ ಹೊಲಿದುಕೊಟ್ಟ 5,000 ಸೇರಿಸಬೇಕು. ಇನ್ನೂ ಹೊಲಿಯದ 18,000 ಕಳೆಯಬೇಕು. ಸಿಗುವುದು 6,94,000. ಇದು ನಿಜವಾಗಿ ದುಡಿದ ಆದಾಯ. ಬಿಲ್ ಪುಸ್ತಕ ಸರಿಯಾಗಿದ್ದರೆ ವರ್ಷದಲ್ಲಿ ಕೊಟ್ಟು ಕಳಿಸಿದ ಬಟ್ಟೆಗಳ ಬಿಲ್ಲಿನ ಮೊತ್ತವೂ ಇಷ್ಟೇ ಬರಬೇಕು. ಎರಡು ದಾರಿಯಲ್ಲಿ ಲೆಕ್ಕ ಹಾಕಿ ಒಂದೇ ಮೊತ್ತ ಬಂದರೆ ಧೈರ್ಯವಾಗಿ ಮುಂದಕ್ಕೆ ಹೋಗಬಹುದು.

ಕಪಾಟಿನಲ್ಲಿ ಇರುವುದೆಲ್ಲ ಅಂಗಡಿಯದಲ್ಲ

ಲೈನಿಂಗ್, ದಾರ, ಫಾಲ್ಸ್‌ಗೆಂದು ವರ್ಷದಲ್ಲಿ ಕೊಟ್ಟ ಹಣ 1,36,000. ಇದರಲ್ಲಿ 9,000 ಹಳೇ ಉದ್ರಿ ತೀರಿಸಿದ್ದು. ಈ ವರ್ಷ ತಂದು ಇನ್ನೂ ದುಡ್ಡು ಕೊಡದ ಸಾಮಾನು 13,000. ಆದ್ದರಿಂದ ಈ ವರ್ಷದ ಖರೀದಿ 1,40,000. ಆದರೆ ಕೊಂಡದ್ದೆಲ್ಲ ಖರ್ಚಾಗಿರುವುದಿಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಲು ಮಾರ್ಚ್ 31ರ ಸಂಜೆ ಅಂಗಡಿಯ ಬಾಗಿಲು ಎಳೆದು ಎಣಿಸಲೇಬೇಕು. ಲೈನಿಂಗ್ ಬಟ್ಟೆಯ ಥಾನುಗಳನ್ನು ಮೀಟರಿನಲ್ಲಿ ಅಳೆಯಬೇಕು, ಫಾಲ್ಸ್ ಡಜನ್‌ಗಳಲ್ಲಿ, ಒಡೆಯದ ದಾರದ ಕೋನುಗಳು, ಹುಕ್ಕಿನ ಪೊಟ್ಟಣಗಳು, ಲೇಸು, ಕ್ಯಾನ್ವಾಸು. ಅರ್ಧ ಸುತ್ತಿದ ಬಾಬಿನ್ನು, ಕತ್ತರಿಸಿ ಉಳಿದ ಚೂರು ಲೈನಿಂಗ್‌ಗೆ ಬೆಲೆ ಕಟ್ಟುವ ಗೋಜು ಬೇಡ. ಬೆಲೆ ಹಾಕುವಾಗ ಕೊಂಡ ದರವನ್ನೇ ಹಿಡಿಯಬೇಕು, ಗಿರಾಕಿಗೆ ಹಾಕುವ ದರವನ್ನಲ್ಲ. ಈ ಎಣಿಕೆಯಲ್ಲಿ ಸಿಕ್ಕ ಸಾಮಾನು 16,000.

ಹ್ಯಾಂಗರಿನಲ್ಲಿ ಇನ್ನೊಂದು ಸಾಲು ನೇತಾಡುತ್ತಿದೆ. ಯುಗಾದಿಗೆ ಬೇಕೇಬೇಕು ಎಂದು ದುಂಬಾಲು ಬಿದ್ದು ಹೊಲಿಸಿ, ಹಬ್ಬ ಮುಗಿದರೂ ಒಯ್ಯಲು ಬಾರದವರ ಮೂವತ್ತು ಬ್ಲೌಸುಗಳು. ಇವಕ್ಕೆ ಹಾಕಿದ ಸಾಮಾನು, ಕೂಲಿ ಎರಡೂ ಸೇರಿ ಒಂದಕ್ಕೆ 200 ರೂಪಾಯಿಯಂತೆ 6,000 ಈಗಾಗಲೇ ಖರ್ಚಾಗಿದೆ. ಒಯ್ಯುವವರೆಗೆ ಆದಾಯವೆಂದು ಬರೆಯುವಂತಿಲ್ಲ. ಖರ್ಚನ್ನು ಮಾತ್ರ ಈ ವರ್ಷಕ್ಕೆ ಹೊರಿಸಿ ಆದಾಯವನ್ನು ಮುಂದಿನ ವರ್ಷಕ್ಕೆ ಕೊಡುವುದೂ ನ್ಯಾಯವಲ್ಲ. ಅದಕ್ಕೇ ಆ 6,000ವನ್ನು ತಗಲಿದ ಖರ್ಚಿನ ಲೆಕ್ಕದಲ್ಲೇ ದಾಸ್ತಾನಿಗೆ ಸೇರಿಸುತ್ತಾರೆ. ಹೀಗೆ ಕೊನೆಯ ದಾಸ್ತಾನು 22,000.

ಹಾಗಾದರೆ ಗಂಟುಕಟ್ಟಿ ಇಟ್ಟಿರುವ ರೇಷ್ಮೆ ಬ್ಲೌಸ್ ಪೀಸುಗಳು? ಫಾಲ್ಸ್ ಹಚ್ಚಲು, ಕುಚ್ಚು ಕಟ್ಟಲು ಬಂದ ಸೀರೆಗಳು? ಬೆಲೆಯಲ್ಲಿ ನೋಡಿದರೆ ಅಂಗಡಿಯ ಉಳಿದೆಲ್ಲ ಸಾಮಾನಿಗಿಂತ ಅವೇ ಹೆಚ್ಚಿರಬಹುದು. ಆದರೂ ಅವುಗಳಲ್ಲಿ ಒಂದು ರೂಪಾಯಿಯೂ ಈ ಪಟ್ಟಿಗೆ ಬರಕೂಡದು. ಅವು ಗಿರಾಕಿಯ ಸ್ವತ್ತು. ಅಂಗಡಿಯ ಲೆಕ್ಕಕ್ಕೆ ಅವು ಬರುವುದು ಕೆಟ್ಟಾಗ ಮಾತ್ರ. ಕತ್ತರಿ ತಪ್ಪಿ ಒಂದು ಪೀಸ್ ಹಾಳಾಗಿ 1,200 ರೂಪಾಯಿ ಕಟ್ಟಿಕೊಟ್ಟರೆ ಅದು ಖರ್ಚು. ಈ ಅಂಗಡಿಯಲ್ಲಿ ಅಂಥದ್ದೊಂದು ಆಗಿತ್ತು, ಅದು ಇತರೆ ಖರ್ಚಿನಲ್ಲಿ ಸೇರಿದೆ.

ಶುರುವಿನ ದಾಸ್ತಾನು 14,000, ಖರೀದಿ 1,40,000, ಉಳಿದದ್ದು 22,000. ಆದ್ದರಿಂದ ವರ್ಷದಲ್ಲಿ ಬಳಕೆಯಾದದ್ದು 1,32,000.

ಖರ್ಚಿನಂತೆ ಕಾಣುವ ಖರ್ಚಲ್ಲದವು

ಪೀಸ್ ಲೆಕ್ಕದಲ್ಲಿ ಹೊಲಿಯುವ ಇಬ್ಬರಿಗೆ ವರ್ಷದಲ್ಲಿ ಕೊಟ್ಟ ಕೂಲಿ 1,98,000. ಹಬ್ಬದ ವಾರದ ಕೂಲಿ 6,000 ಇನ್ನೂ ಕೊಟ್ಟಿಲ್ಲ, ಆದರೆ ಕೆಲಸ ಆಗಿಹೋಗಿದೆ. ಹಾಗಾಗಿ ಕೂಲಿಯ ಖರ್ಚು 2,04,000. ಇಬ್ಬರಲ್ಲೊಬ್ಬಳು ಮಗಳ ಶಾಲೆಯ ಫೀಸಿಗೆಂದು 10,000 ಕೈಸಾಲ ಪಡೆದು, ಮುಂದೆ ಕೂಲಿಯಲ್ಲಿ ಹಿಡಿದುಕೊಳ್ಳಿ ಎಂದಿದ್ದಾಳೆ. ಕೊಡುವಾಗ ಪೆಟ್ಟಿಗೆಯಿಂದ ಹಣ ಹೋಗಿದ್ದು ನಿಜ, ಆದರೆ ಅದು ಖರ್ಚಲ್ಲ. ಆಕೆಯಿಂದ ಬರಬೇಕಾದ ಹಣವಾದ್ದರಿಂದ ಆಸ್ತಿಯ ಕಡೆ ಬರೆಯಬೇಕು.

ಬ್ಯಾಂಕಿನ ಕಂತಿನದೂ ಇದೇ ಪಾಠ. ತಿಂಗಳಿಗೆ 3,000ದಂತೆ ವರ್ಷಕ್ಕೆ 36,000 ಕಟ್ಟಲಾಗಿದೆ. ಹೆಚ್ಚಿನವರು ಅಷ್ಟನ್ನೂ ಖರ್ಚಿಗೆ ಹಾಕಿಬಿಡುತ್ತಾರೆ. ಬ್ಯಾಂಕಿನಲ್ಲಿ ಸಾಲದ ಖಾತೆಯ ವಿವರ ಕೇಳಿ ಪಡೆದರೆ ಅದರಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಬೇರೆಬೇರೆಯಾಗಿರುತ್ತದೆ. ಇಲ್ಲಿ ಬಡ್ಡಿ 5,000. ಅದು ಖರ್ಚು. ಉಳಿದ 31,000 ಸಾಲ ಇಳಿಸಿದ್ದು, 60,000 ಇದ್ದ ಸಾಲ ಈಗ 29,000.

ಜೂನ್‌ನಲ್ಲಿ 28,000 ಕೊಟ್ಟು ಹೊಸ ಪವರ್ ಯಂತ್ರ ಕೊಂಡದ್ದೂ ಒಂದೇ ಏಟಿಗೆ ಖರ್ಚಾಗುವುದಿಲ್ಲ. ಯಂತ್ರ ಹತ್ತಾರು ವರ್ಷ ಹೊಲಿಯುತ್ತದೆ. ಆದ್ದರಿಂದ ವರ್ಷವರ್ಷವೂ ಸ್ವಲ್ಪಸ್ವಲ್ಪ ಸವಕಳಿ ಎಂದು ಬರೆಯುತ್ತಾರೆ. ಆದಾಯ ತೆರಿಗೆಯ ನಿಯಮಗಳಲ್ಲಿ ಇಂಥ ಯಂತ್ರಗಳಿಗೆ ಶೇ 15, ಪೀಠೋಪಕರಣಕ್ಕೆ ಶೇ 10. ಲೆಕ್ಕ ಹಾಕುವುದು ಹಿಂದಿನ ವರ್ಷ ಸವೆದು ಉಳಿದ ಬೆಲೆಯ ಮೇಲೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಯಂತ್ರಕ್ಕೆ ಅರ್ಧ ದರ. ಜೂನ್‌ನಿಂದ ಬಳಸುತ್ತಿರುವುದರಿಂದ ಇಲ್ಲಿ ಪೂರ್ತಿ ಸಿಗುತ್ತದೆ. ಹಳೆಯದು 80,000, ಹೊಸದು 28,000, ಒಟ್ಟು 1,08,000ಕ್ಕೆ 16,200. ಪೀಠೋಪಕರಣಕ್ಕೆ 3,000. ಎರಡೂ ಸೇರಿ 19,200. ಯಾರಿಗೂ ಕೊಡದ ಈ ಹಣವನ್ನು ಖರ್ಚೆಂದು ಬರೆಯುವುದು ವಿಚಿತ್ರವಾಗಿ ಕಂಡೀತು. ಆದರೆ ಯಂತ್ರ ಸವೆಯುತ್ತಲೇ ಇರುತ್ತದೆ. ಮುಂದೊಂದು ದಿನ ಹೊಸದು ಕೊಳ್ಳಬೇಕಾದಾಗ, ಇಷ್ಟು ವರ್ಷ ಅದನ್ನೂ ಲಾಭವೆಂದು ತಿಳಿದು ತಿಂದುಬಿಟ್ಟದ್ದು ಗೊತ್ತಾಗುತ್ತದೆ.

ಮಳಿಗೆಯ ಬಾಡಿಗೆ ತಿಂಗಳಿಗೆ 7,500ರಂತೆ 90,000, ಕರೆಂಟು 18,000, ಸೂಜಿ, ಎಣ್ಣೆ, ಯಂತ್ರದ ರಿಪೇರಿ 9,000, ಇತರೆ ಖರ್ಚು 15,000. ಇವುಗಳಲ್ಲಿ ಬಿಡಿಸಿ ಹೇಳುವಂಥದ್ದೇನಿಲ್ಲ. ಲಾಭ-ನಷ್ಟದ ಪಟ್ಟಿ ಸಿದ್ಧವಾಯಿತು.

ಲಾಭ-ನಷ್ಟದ ಪಟ್ಟಿ: 1-4-2024ರಿಂದ 31-3-2025 (ರೂ.)

ಹೊಲಿಗೆಯ ಆದಾಯ: 6,94,000
ಕಳೆಯಿರಿ, ಬಳಕೆಯಾದ ಸಾಮಾನು: 1,32,000
ಕಳೆಯಿರಿ, ಪೀಸ್ ಕೂಲಿ: 2,04,000
ಒಟ್ಟು ಲಾಭ: 3,58,000
ಕಳೆಯಿರಿ, ಬಾಡಿಗೆ: 90,000
ಕರೆಂಟು: 18,000
ಯಂತ್ರದ ರಿಪೇರಿ, ಸೂಜಿ: 9,000
ಇತರೆ: 15,000
ಸಾಲದ ಬಡ್ಡಿ: 5,000
ಸವಕಳಿ: 19,200
ನಿವ್ವಳ ಲಾಭ: 2,01,800

ಈ ಪಟ್ಟಿಯಲ್ಲಿ ಮನೆಯ ದಿನಸಿ, ಮಕ್ಕಳ ಫೀಸು, ಗ್ಯಾಸು ಯಾವುದೂ ಇಲ್ಲ. ಮಾಲಕಿ ತಿಂಗಳಿಗೆ 13,000ದಂತೆ ವರ್ಷಕ್ಕೆ 1,56,000ವನ್ನು ಮನೆಗೆ ಒಯ್ದಿದ್ದಾಳೆ. ಅದು ಅಂಗಡಿಯ ಖರ್ಚಲ್ಲ, ಆಕೆ ತನ್ನ ಬಂಡವಾಳದಿಂದ ತೆಗೆದುಕೊಂಡ ಹಣ. ಇದನ್ನು ನಡುವೆ ನುಸುಳಿಸಿದರೆ ಅಂಗಡಿ ಚೆನ್ನಾಗಿ ನಡೆಯುತ್ತಿದೆಯೇ, ಮನೆಯ ಖರ್ಚು ಹೆಚ್ಚಾಗಿದೆಯೇ ಎಂಬ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗುತ್ತವೆ. ಪೆಟ್ಟಿಗೆಯಿಂದ ಇನ್ನೂರು, ಮುನ್ನೂರು ತೆಗೆದು ತರಕಾರಿಗೆ ಕೊಟ್ಟು ಬರೆಯಲು ಮರೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಪುಸ್ತಕದ ಪ್ರಕಾರ ಇರಬೇಕಾದ ಹಣಕ್ಕಿಂತ ಪೆಟ್ಟಿಗೆಯಲ್ಲಿ ಕಡಿಮೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಮಾರ್ಚ್ 31ರ ಸಂಜೆ

ಇನ್ನು ಎರಡನೆಯ ಹಾಳೆ. ಹೊಸದಾಗಿ ಹುಡುಕಬೇಕಾದ ಅಂಕಿ ಈಗ ಒಂದೂ ಇಲ್ಲ, ಎಲ್ಲವೂ ಮೇಲೆ ಬಂದುಹೋಗಿವೆ. ಡಿಪಾಸಿಟ್ ಮಳಿಗೆ ಬಿಡುವಾಗ ವಾಪಸು ಬರುವ ಹಣವಾದ್ದರಿಂದ ಹಾಗೇ ಉಳಿಯುತ್ತದೆ. ಯಂತ್ರ, ಪೀಠೋಪಕರಣಗಳನ್ನು ಸವಕಳಿ ಕಳೆದು ಬರೆಯಬೇಕು.

ಅಢಾವೆ ಪತ್ರಿಕೆ: 31-3-2025 (ರೂ.)

ಅಂಗಡಿಯ ಬಳಿ ಇರುವುದು
ಯಂತ್ರಗಳು: 91,800
ಪೀಠೋಪಕರಣ: 27,000
ಮಳಿಗೆಯ ಡಿಪಾಸಿಟ್: 1,00,000
ದಾಸ್ತಾನು: 22,000
ಗಿರಾಕಿಗಳ ಬಾಕಿ: 11,000
ಕೆಲಸದವಳಿಂದ ಬರಬೇಕಾದದ್ದು: 10,000
ನಗದು ಮತ್ತು ಬ್ಯಾಂಕ್: 16,000
ಒಟ್ಟು: 2,77,800

ಅಂಗಡಿ ಕೊಡಬೇಕಾದದ್ದು
ಬ್ಯಾಂಕ್ ಸಾಲ: 29,000
ಲೈನಿಂಗ್ ಅಂಗಡಿಗೆ: 13,000
ಗಿರಾಕಿಗಳ ಮುಂಗಡ: 18,000
ಕೊಡಬೇಕಾದ ಕೂಲಿ: 6,000
ಮಾಲಕಿಯ ಬಂಡವಾಳ: 2,11,800
ಒಟ್ಟು: 2,77,800

ಬಂಡವಾಳದ ಸಾಲನ್ನು ಮೇಲಿನದರಿಂದ ಕಳೆದು ತುಂಬಿದ್ದಲ್ಲ. ಶುರುವಿನ 1,66,000ಕ್ಕೆ ಲಾಭ 2,01,800 ಸೇರಿಸಿ, ಮನೆಗೆ ಒಯ್ದ 1,56,000 ಕಳೆದಾಗ ಬಂದದ್ದು 2,11,800. ಬೇರೆ ದಾರಿಯಿಂದ ಬಂದ ಈ ಅಂಕಿ ಎರಡೂ ಕಡೆಯ ಮೊತ್ತವನ್ನು ಸರಿಹೊಂದಿಸಿದೆ. ಕಳೆದು ತುಂಬಿಬಿಟ್ಟರೆ ಯಾವ ಲೆಕ್ಕವೂ ತಾಳೆಯಾಗುತ್ತದೆ, ತಪ್ಪು ಮಾತ್ರ ಒಳಗೇ ಉಳಿಯುತ್ತದೆ.

ಮಾಲಕಿಯ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 2,01,800 ಲಾಭದಲ್ಲಿ 1,56,000 ಮನೆಗೆ ಹೋಯಿತು. ಉಳಿದ 45,800 ಆಕೆಯ ಬಂಡವಾಳಕ್ಕೆ ಸೇರಿತು, ಆದರೆ ನೋಟಿನ ರೂಪದಲ್ಲಿ ಅಲ್ಲ. ಸಾಲ 31,000 ಇಳಿದಿದೆ. ಹೊಸ ಯಂತ್ರ ಬಂದಿದೆ. ದಾಸ್ತಾನು, ಬಾಕಿ, ಕೆಲಸದವಳ ಕೈಸಾಲ ಇವುಗಳಲ್ಲಿ ಹಣ ಕೂತಿದೆ. ಇಷ್ಟೆಲ್ಲಾ ಆದಮೇಲೂ ಪೆಟ್ಟಿಗೆಯಲ್ಲಿ 16,000 ಇರುವುದಕ್ಕೆ ಒಂದು ಕಾರಣ ಗಿರಾಕಿಗಳ 18,000 ಮುಂಗಡ ಎಂಬುದನ್ನೂ ಗಮನಿಸಬೇಕು. ಆ ಪೆಟ್ಟಿಗೆಯಲ್ಲಿರುವುದು ಹೆಚ್ಚೂಕಡಿಮೆ ಅವರದೇ ದುಡ್ಡು.

ತಾಳೆಯಾಗದಿದ್ದರೆ, ತಾಳೆಯಾದರೂ

ಎರಡೂ ಕಡೆ ಸರಿಹೋಗದಿದ್ದಾಗ ಗಾಬರಿಯಾಗುವ ಮುನ್ನ ವ್ಯತ್ಯಾಸದ ಮೊತ್ತವನ್ನು ನೋಡಬೇಕು. ಬಹಳ ಸಲ ತಪ್ಪಿನ ವಿಳಾಸ ಅದರಲ್ಲೇ ಇರುತ್ತದೆ. ಕಂತಿನ 36,000ವನ್ನೂ ಬಡ್ಡಿಯೆಂದೇ ಬರೆದಿದ್ದರೆ ಲಾಭ 1,70,800ಕ್ಕೆ ಇಳಿಯುತ್ತದೆ, ಬಂಡವಾಳ 1,80,800 ಆಗುತ್ತದೆ, ಕೆಳಗಿನ ಮೊತ್ತ 2,46,800ಕ್ಕೆ ನಿಲ್ಲುತ್ತದೆ. ವ್ಯತ್ಯಾಸ 31,000. ಆ ವರ್ಷ ತೀರಿದ ಅಸಲು ಎಷ್ಟೋ ಅಷ್ಟೇ. ವ್ಯತ್ಯಾಸ 10,000 ಬಂದರೆ ಕೆಲಸದವಳ ಕೈಸಾಲವನ್ನು ನೋಡಬೇಕು, 28,000 ಬಂದರೆ ಯಂತ್ರವನ್ನು.

ತಾಳೆಯಾಗದ ಲೆಕ್ಕಕ್ಕಿಂತ ತಾಳೆಯಾದ ತಪ್ಪು ಲೆಕ್ಕವೇ ಹೆಚ್ಚು ಅಪಾಯ. ಮಾಲಕಿ 18,000 ಮುಂಗಡವನ್ನು ಆದಾಯಕ್ಕೇ ಸೇರಿಸಿ, ಕೊಡಬೇಕಾದ ಪಟ್ಟಿಯಲ್ಲಿ ಬಿಟ್ಟುಬಿಟ್ಟಳು ಎನ್ನೋಣ. ಲಾಭ 2,19,800 ಆಗುತ್ತದೆ, ಬಂಡವಾಳ 2,29,800 ಆಗುತ್ತದೆ, ಕೊಡಬೇಕಾದದ್ದು ಅಷ್ಟೇ ಇಳಿಯುತ್ತದೆ. ಎರಡೂ ಕಡೆ ಮೊತ್ತ ಮತ್ತೆ 2,77,800! ಪಟ್ಟಿ ನಗುನಗುತ್ತಾ ಸುಳ್ಳು ಹೇಳುತ್ತಿರುತ್ತದೆ. ದಾಸ್ತಾನಿಗೆ ಅಂದಾಜಿನಲ್ಲಿ ಹತ್ತು ಸಾವಿರ ಹೆಚ್ಚು ಬೆಲೆ ಕಟ್ಟಿದರೂ ಹೀಗೆಯೇ, ಆಸ್ತಿಯೂ ಲಾಭವೂ ಒಟ್ಟಿಗೆ ಉಬ್ಬುತ್ತವೆ. ಇಂಥ ತಪ್ಪನ್ನು ಕೂಡುವ ಕಳೆಯುವ ಲೆಕ್ಕ ಹಿಡಿಯಲಾರದು. ಬಿಲ್ ಪುಸ್ತಕ ತೆರೆದು, ಮುಂಗಡ ಬರೆದಿರುವ ಆದರೆ ಬಟ್ಟೆ ಕೊಟ್ಟ ಗುರುತಿಲ್ಲದ ಬಿಲ್ಲುಗಳನ್ನು ಒಂದೊಂದಾಗಿ ಕೂಡಿಸಿ ನೋಡಬೇಕು. ಬಟ್ಟೆ ಕೊಟ್ಟಾಗ ಬಿಲ್ಲಿನ ಮೇಲೆ ತಾರೀಖು ಹಾಕಿ ಅಡ್ಡಗೀಟು ಎಳೆಯುವ ಅಭ್ಯಾಸವಿದ್ದರೆ ಇದು ಅರ್ಧ ಗಂಟೆಯ ಕೆಲಸ.

ಬ್ಯಾಂಕು ಮತ್ತು ತೆರಿಗೆ

ಇನ್ನೊಂದು ಸಾಲ ಕೇಳಲು ಹೋದಾಗ ಬ್ಯಾಂಕಿನವರು ಈ ಎರಡು ಹಾಳೆಗಳನ್ನು ಕೇಳುವುದುಂಟು. ಮುದ್ರಾ ಯೋಜನೆಯಲ್ಲಿ 50,000ದವರೆಗಿನ ಸಾಲ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಅದರಲ್ಲಿ ಶೇ 5ರ ಬಡ್ಡಿಗೆ ಮೊದಲ ಕಂತು 1 ಲಕ್ಷ, ಅದನ್ನು ತೀರಿಸಿದವರಿಗೆ ಎರಡನೆಯದು 2 ಲಕ್ಷ. ಸಾಲ ಕೊಡುವವರು ಪಟ್ಟಿಯಲ್ಲಿ ಹುಡುಕುವುದು ಮುಖ್ಯವಾಗಿ ಒಂದನ್ನೇ: ಮನೆಗೆ ಒಯ್ದ ಮೇಲೆ ಕಂತು ಕಟ್ಟಲು ಏನಾದರೂ ಮಿಗುತ್ತದೆಯೇ? ಈ ಅಂಗಡಿ ವರ್ಷಕ್ಕೆ 36,000 ಕಟ್ಟಿಯೂ ಯಂತ್ರ ಕೊಂಡಿದೆ ಎಂಬುದು ಅವರಿಗೆ ಪಟ್ಟಿಯಲ್ಲೇ ಕಾಣುತ್ತದೆ.

ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಸೌಲಭ್ಯವಿದೆ. 2024-25ರ ವರ್ಷಕ್ಕೆ ಅನ್ವಯಿಸುವ 44ಎಡಿ ಸೆಕ್ಷನ್ ಪ್ರಕಾರ ವಹಿವಾಟಿನ ಶೇ 8, ಡಿಜಿಟಲ್ ಮೂಲಕ ಬಂದ ಭಾಗಕ್ಕೆ ಶೇ 6 ಲಾಭವೆಂದು ತೋರಿಸಬಹುದು. ಈ ಅಂಗಡಿಗೆ ಶೇ 8 ಎಂದರೆ 55,520 ಆಗುತ್ತದೆ. ಅಷ್ಟನ್ನೇ ತೋರಿಸಿದರೆ ಸಾಕು ಎಂದು ಕೆಲವರು ನಂಬಿದ್ದಾರೆ. ಆದರೆ ಶೇ 8 ಕನಿಷ್ಠ ಮಿತಿ ಮಾತ್ರ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸಬೇಕು. ತೆರಿಗೆಗೆ 55,520 ತೋರಿಸಿ ಬ್ಯಾಂಕಿಗೆ 2,01,800 ತೋರಿಸುವವರು ಒಂದು ಕೌಂಟರಿನಲ್ಲಿ ಸಿಕ್ಕಿಬೀಳುವುದು ಖಂಡಿತ, ಏಕೆಂದರೆ ಸಾಲದ ಅರ್ಜಿಯ ಜೊತೆ ಬ್ಯಾಂಕು ರಿಟರ್ನನ್ನೂ ಕೇಳುತ್ತದೆ.

ಒಂದು ಬ್ಲೌಸಿನ ಬೆಲೆ

ಈ ಪಟ್ಟಿಗಳಿಂದ ಮಾಲಕಿಗೆ ಸಿಗುವ ದೊಡ್ಡ ಪ್ರಯೋಜನ ಮಾತ್ರ ಬೇರೆಯೇ. ವರ್ಷದಲ್ಲಿ ಸುಮಾರು 1,540 ಬಟ್ಟೆ ಹೊಲಿದು ಕೊಡಲಾಗಿದೆ, ಸರಾಸರಿ ಬಿಲ್ಲು 450. ಪಟ್ಟಿಯ ಪ್ರತಿಯೊಂದು ಸಾಲನ್ನೂ 1,540ರಿಂದ ಭಾಗಿಸಿದರೆ ಒಂದು ಬ್ಲೌಸಿನ ಒಳಗುಟ್ಟು ಹೊರಬರುತ್ತದೆ. ಸಾಮಾನಿಗೆ 86 ರೂಪಾಯಿ, ಕೂಲಿಗೆ 132, ಬಾಡಿಗೆ, ಕರೆಂಟು, ಸವಕಳಿ ಮುಂತಾದವಕ್ಕೆ 101. ಉಳಿಯುವುದು 131. ಮೊದಲ ಎರಡು ಬಟ್ಟೆ ಬಂದರಷ್ಟೇ ಆಗುವ ಖರ್ಚು. ಮೂರನೆಯದು ಬಟ್ಟೆ ಬರಲಿ ಬಿಡಲಿ ತಪ್ಪುವುದಿಲ್ಲ. ಆಷಾಢದಲ್ಲಿ ಗಿರಾಕಿ ಕಡಿಮೆಯಾದಾಗ ಆ 101 ಒಂದೊಂದು ಬ್ಲೌಸಿನ ತಲೆಯ ಮೇಲೆ ನೂರೈವತ್ತು, ಇನ್ನೂರು ಆಗಿ ಕೂರುತ್ತದೆ.

ಆ 131 ಪೂರ್ತಿ ಲಾಭವೂ ಅಲ್ಲ. ಕಟಿಂಗ್ ಮಾಡುವುದು, ಅಳತೆ ತೆಗೆದುಕೊಳ್ಳುವುದು, ಗಿರಾಕಿಯ ಜೊತೆ ಮಾತಾಡುವುದು ಎಲ್ಲ ಮಾಲಕಿಯೇ. ಆಕೆಯ ಕೂಲಿ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅದೇ ಕೆಲಸಕ್ಕೆ ತಿಂಗಳಿಗೆ 15,000ಕ್ಕೆ ಕಟಿಂಗ್ ಮಾಸ್ಟರ್ ಒಬ್ಬರನ್ನು ಇಟ್ಟುಕೊಂಡರೆ ವರ್ಷಕ್ಕೆ 1,80,000. ಆಗ ಅಂಗಡಿಯ ನಿಜವಾದ ಲಾಭ 21,800. ಕೆಲಸ ಬಿಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಡೆಸುವಷ್ಟು ದೊಡ್ಡ ವ್ಯಾಪಾರ ಇದಿನ್ನೂ ಆಗಿಲ್ಲ.

ಎದುರು ಬೀದಿಯಲ್ಲಿ ಹೊಸದಾಗಿ ತೆರೆದ ಅಂಗಡಿ 400ಕ್ಕೆ ಹೊಲಿಯುತ್ತದೆ ಎಂದು ಈಕೆಯೂ 50 ಇಳಿಸಿದಳು ಎಂದುಕೊಳ್ಳಿ. ಬಟ್ಟೆಗಳ ಸಂಖ್ಯೆ ಅಷ್ಟೇ ಇದ್ದರೆ ಆದಾಯದಲ್ಲಿ 77,000 ಕಡಿಮೆಯಾಗುತ್ತದೆ, ಖರ್ಚು ಒಂದು ರೂಪಾಯಿಯೂ ಇಳಿಯುವುದಿಲ್ಲ. ಲಾಭ 1,24,800. ಮನೆಗೆ ಬೇಕಾದದ್ದು 1,56,000. ಬಿಲ್ ಪುಸ್ತಕ ತುಂಬಿ ತುಳುಕುತ್ತಿರುತ್ತದೆ, ಯಂತ್ರಗಳು ರಾತ್ರಿ ಹತ್ತರವರೆಗೆ ಓಡುತ್ತಿರುತ್ತವೆ, ಅಂಗಡಿಯ ಬಂಡವಾಳ ಮಾತ್ರ ವರ್ಷಕ್ಕೆ 31,200ರಂತೆ ಕರಗುತ್ತಾ ಹೋಗುತ್ತದೆ. 450 ರೂಪಾಯಿಯ ಬ್ಲೌಸನ್ನು ಈ ಅಂಗಡಿ 400ಕ್ಕೆ ಹೊಲಿಯಲಾರದು.